ಊರಲ್ಲಿ ಹೊಲ, ಬೆಂಗಳೂರಲ್ಲಿ ಮಾಲೀಕ: ಲಾವಣಿ ಒಳ್ಳೇದೋ, ಪಾಲು ಒಳ್ಳೇದೋ?

ಯುಗಾದಿ ಹತ್ತಿರ ಬಂತೆಂದರೆ ಹಳ್ಳಿಗಳಲ್ಲಿ ಒಂದು ಮಾತುಕತೆ ಶುರುವಾಗುತ್ತದೆ. "ಅಣ್ಣಾ, ಈ ವರ್ಷ ನಿಮ್ಮ ಹೊಲ ನನಗೇ ಕೊಡ್ರಿ" ಅಂತ ಊರಿನವರು ಫೋನ್ ಮಾಡುತ್ತಾರೆ. ಆ ಕಡೆಯಿಂದ ಅಣ್ಣ, "ಎಕರೆಗೆ ಎಷ್ಟು ಕೊಡ್ತೀಯಪ್ಪಾ?" ಅಂತಲೋ, "ಅರ್ಧ ಪಾಲಿಗೆ ಮಾಡು" ಅಂತಲೋ ಹೇಳುತ್ತಾರೆ. ಎರಡೇ ನಿಮಿಷದಲ್ಲಿ ಮಾತು ಮುಗಿಯುತ್ತದೆ. ಜಗಳ ಮಾತ್ರ ಸುಗ್ಗಿಯಲ್ಲಿ ಶುರುವಾಗುತ್ತದೆ.

ವರ್ಷಕ್ಕೆ ಎಕರೆಗೆ ಇಷ್ಟು ಅಂತ ಹಣ ಕೊಡುವುದಕ್ಕೆ ಧಾರವಾಡ, ಹಾವೇರಿ ಕಡೆ ಲಾವಣಿ ಅನ್ನುತ್ತಾರೆ, ಬೇರೆ ಕಡೆ ಗುತ್ತಿಗೆ ಅಥವಾ ಗೇಣಿ. ಬೆಳೆ ಹಂಚಿಕೊಳ್ಳುವುದಕ್ಕೆ ಪಾಲು, ಕೋರು, ವಾರ ಅನ್ನುವ ಹೆಸರುಗಳಿವೆ. ಇವೆರಡರಲ್ಲಿ ಯಾವುದರಲ್ಲಿ ಹೆಚ್ಚು ಹಣ ಬರುತ್ತದೆ ಅಂತಲೇ ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳು ಎರಡು: ಮಳೆ ಕೈಕೊಟ್ಟ ವರ್ಷದ ನಷ್ಟ ಯಾರ ತಲೆ ಮೇಲೆ? ರಾಶಿ ದಿನ ತೂಕ ನೋಡುವವರು ಯಾರು?

ನಾಲ್ಕು ಎಕರೆ ಗೋವಿನಜೋಳದ ಲೆಕ್ಕ

ರಾಣೇಬೆನ್ನೂರು ಕಡೆಯ ಮಳೆಯಾಶ್ರಿತ ನಾಲ್ಕು ಎಕರೆ ಹೊಲ ಅಂದುಕೊಳ್ಳಿ. ಬೆಳೆ ಗೋವಿನಜೋಳ (ಮೆಕ್ಕೆಜೋಳ). ಮಾಲೀಕರು ಬೆಂಗಳೂರಲ್ಲಿ ನೌಕರಿಯಲ್ಲಿದ್ದಾರೆ, ಉಳುವವರು ಪಕ್ಕದ ಹೊಲದವರು. ಕೆಳಗಿನ ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ಅಂಕಿ ಹಾಕಿ ಇದೇ ರೀತಿ ಲೆಕ್ಕ ಮಾಡಿ.

ಎಕರೆಗೆ ಖರ್ಚು 18,000 ರೂಪಾಯಿ. ಇದರಲ್ಲಿ ಬೀಜ, ಗೊಬ್ಬರ, ಕಳೆನಾಶಕ ಮತ್ತು ರಾಶಿ ಮಷಿನ್‌ಗೆ 10,000. ರಂಟೆ, ಹರಗುವುದು, ಎಡೆ ಹೊಡೆಯುವುದು, ತೆನೆ ಮುರಿಯುವ ಕೂಲಿಗೆ 8,000. ಒಳ್ಳೆ ವರ್ಷ ಎಕರೆಗೆ 22 ಕ್ವಿಂಟಲ್, ಸಾಧಾರಣ ವರ್ಷ 16, ಬರದ ವರ್ಷ 7 ಬಂತು ಅನ್ನೋಣ. ದರ ಮೂರೂ ವರ್ಷ ಕ್ವಿಂಟಲ್‌ಗೆ 2,000.

ಮೊದಲು ಲಾವಣಿ ನೋಡೋಣ. ಎಕರೆಗೆ 10,000 ಅಂದರೆ ನಾಲ್ಕು ಎಕರೆಗೆ 40,000. ಖರ್ಚೆಲ್ಲ ಉಳುವವರದು.

- ಒಳ್ಳೆ ವರ್ಷ: ಮಾಲೀಕರಿಗೆ 40,000, ಉಳುವವರಿಗೆ 64,000 ಲಾಭ
- ಸಾಧಾರಣ ವರ್ಷ: ಮಾಲೀಕರಿಗೆ 40,000, ಉಳುವವರಿಗೆ 16,000 ಲಾಭ
- ಬರದ ವರ್ಷ: ಮಾಲೀಕರಿಗೆ 40,000, ಉಳುವವರಿಗೆ 56,000 ನಷ್ಟ

ಈಗ ಅರ್ಧ ಪಾಲು. ಬೆಳೆ ಅರ್ಧ ಅರ್ಧ. ಬೀಜ, ಗೊಬ್ಬರ, ಕಳೆನಾಶಕ, ರಾಶಿ ಖರ್ಚೂ ಅರ್ಧ ಅರ್ಧ. ಉಳುಮೆ ಮತ್ತು ಕೂಲಿ ಉಳುವವರದು.

- ಒಳ್ಳೆ ವರ್ಷ: ಮಾಲೀಕರಿಗೆ 68,000, ಉಳುವವರಿಗೆ 36,000 ಲಾಭ
- ಸಾಧಾರಣ ವರ್ಷ: ಮಾಲೀಕರಿಗೆ 44,000, ಉಳುವವರಿಗೆ 12,000 ಲಾಭ
- ಬರದ ವರ್ಷ: ಮಾಲೀಕರಿಗೆ 8,000, ಉಳುವವರಿಗೆ 24,000 ನಷ್ಟ

ಮೂರು ವರ್ಷ ಕೂಡಿಸಿ. ಎರಡೂ ಪದ್ಧತಿಯಲ್ಲಿ ಮಾಲೀಕರಿಗೆ 1,20,000, ಉಳುವವರಿಗೆ 24,000. ಈ ಅಂಕಿಗಳಲ್ಲಿ ಒಟ್ಟು ಮೊತ್ತ ಒಂದೇ ಆಗಿದೆ. ನಿಮ್ಮಲ್ಲಿ ಸ್ವಲ್ಪ ಆಚೀಚೆ ಆಗಬಹುದು. ಆದರೆ ಬರದ ವರ್ಷದ ಸಾಲು ಮತ್ತೊಮ್ಮೆ ನೋಡಿ. ಲಾವಣಿಯಲ್ಲಿ ಉಳುವವರ ಕೈಯಿಂದ 56,000 ಹೋಗುತ್ತದೆ, ಪಾಲಿನಲ್ಲಿ 24,000. ಮೊದಲನೇ ವರ್ಷವೇ ಬರ ಬಿದ್ದರೆ 56,000 ತಡೆದುಕೊಂಡು ಮುಂದಿನ ಒಳ್ಳೆ ವರ್ಷದವರೆಗೆ ನಿಲ್ಲೋಕೆ ಆಗುತ್ತಾ? ಇದು ಉಳುವವರು ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಮಾಲೀಕರಿಗೂ ಒಂದು ಮಾತು. ಬರದ ವರ್ಷ 40,000 ಬರೋದು ಕಾಗದದ ಮೇಲೆ ಮಾತ್ರ ಖಚಿತ. ಬೆಳೆಯೇ ಬರದವರು ಎಲ್ಲಿಂದ ಕೊಡುತ್ತಾರೆ? "ಹಾಗಾದರೆ ಪೂರ್ತಿ ಹಣ ಬಿತ್ತನೆಗೆ ಮುಂಚೆಯೇ ಕೊಡು" ಅನ್ನುವವರಿದ್ದಾರೆ. ಉಳುವವರು ಆ 40,000ವನ್ನು ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಗೆ ತಂದರೆ, ಎಂಟು ತಿಂಗಳಿಗೆ 6,400 ಬಡ್ಡಿ. ಹೊಲದ ಬಾಡಿಗೆ ನಿಜವಾಗಿ 46,400 ಆಯಿತು. ಅರ್ಧ ಬಿತ್ತನೆಗೆ ಮುಂಚೆ, ಅರ್ಧ ಮಾಲು ಮಾರಿದ ಮೇಲೆ ಅನ್ನುವುದು ಇಬ್ಬರಿಗೂ ನಡೆಯುವ ಮಾತು.

ಪಾಲು ಕೆಡುವುದು ಎಲ್ಲಿ?

ಲೆಕ್ಕ ನೋಡಿದರೆ ಪಾಲೇ ನ್ಯಾಯ ಅನಿಸುತ್ತದೆ. ಆದರೆ ಮಾಲೀಕರು ದೂರ ಇದ್ದಾಗ ಅದು ಎರಡು ಜಾಗದಲ್ಲಿ ಕೆಡುತ್ತದೆ.

ಒಂದು, ಮೇಲುಗೊಬ್ಬರದ ಹೊತ್ತಿಗೆ. ಕೆಲವು ಕಡೆ ಬೆಳೆ ಮಾತ್ರ ಅರ್ಧ, ಖರ್ಚೆಲ್ಲ ಉಳುವವರದು. ಎರಡನೇ ಸಲ ಗೊಬ್ಬರ ಹಾಕಲು ಕೂಲಿ ಸೇರಿ ಎಕರೆಗೆ 1,500 ಬೇಕು, ಅದರಿಂದ 2,400 ರೂಪಾಯಿಯ ಕಾಳು ಹೆಚ್ಚಿಗೆ ಬರುತ್ತದೆ ಅನ್ನೋಣ. ಹೊಲಕ್ಕೆ ಲಾಭವೇ. ಆದರೆ ಉಳುವವರು 1,500 ಹಾಕಿ ತಮ್ಮ ಪಾಲಿಗೆ 1,200 ಮಾತ್ರ ತೆಗೆದುಕೊಳ್ಳಬೇಕು. 300 ನಷ್ಟಕ್ಕೆ ಯಾರು ಗೊಬ್ಬರ ಹಾಕುತ್ತಾರೆ? ಖರ್ಚೂ ಅರ್ಧ ಆದರೆ 750 ಹಾಕಿ 1,200 ಸಿಗುತ್ತದೆ, ಗೊಬ್ಬರ ಬೀಳುತ್ತದೆ. ಹಾಗಾಗಿ ಬೆಳೆ ಯಾವ ಪ್ರಮಾಣದಲ್ಲಿ ಹಂಚುತ್ತೀರೋ, ಬೀಜ ಗೊಬ್ಬರದ ಖರ್ಚನ್ನೂ ಅದೇ ಪ್ರಮಾಣದಲ್ಲಿ ಹಂಚಿ. ಹಣ ಬೇಕಾದ ದಿನವೇ ಮಾಲೀಕರು ಫೋನ್‌ಪೇ ಮಾಡಬೇಕು, "ಸುಗ್ಗೀಲಿ ನೋಡೋಣ" ಅನ್ನಬಾರದು.

ಎರಡು, ತೂಕದ ಹೊತ್ತಿಗೆ. ಇಲ್ಲಿ ಕಳ್ಳತನಕ್ಕಿಂತ ಹೆಚ್ಚು ಜಗಳ ತರುವುದು ಹಸಿ ಕಾಳು. 20 ಪರ್ಸೆಂಟ್ ತೇವ ಇರುವ 100 ಕ್ವಿಂಟಲ್ ಗೋವಿನಜೋಳ ಒಣಗಿ 14ಕ್ಕೆ ಬಂದಾಗ ಸುಮಾರು 93 ಕ್ವಿಂಟಲ್ ಆಗುತ್ತದೆ. ರಾಶಿ ದಿನ "ನೂರು ಕ್ವಿಂಟಲ್ ಆಯ್ತು" ಅಂತ ಕೇಳಿದ ಮಾಲೀಕರು, ಮಾರಿದ ದಿನ 93 ಅಂತ ಕೇಳಿದರೆ ಏಳು ಕ್ವಿಂಟಲ್ ಎಲ್ಲಿ ಹೋಯಿತು ಅಂತ ಅನುಮಾನ ಪಡುತ್ತಾರೆ. ಅದು ಎಲ್ಲೂ ಹೋಗಿಲ್ಲ, ಬಿಸಿಲಿಗೆ ಹೋಗಿದೆ. ಆದ್ದರಿಂದ "ಮಾರುವ ದಿನ ವೇಬ್ರಿಡ್ಜ್‌ನಲ್ಲಿ ಬಂದ ತೂಕವೇ ಲೆಕ್ಕ" ಅಂತ ಮೊದಲೇ ಮಾತಾಡಿಕೊಳ್ಳಿ. ತೂಕದ ಚೀಟಿ ಮತ್ತು ಮಾರಾಟದ ಬಿಲ್ಲಿನ ಫೋಟೋವನ್ನು ಅದೇ ದಿನ ವಾಟ್ಸಾಪ್ ಮಾಡಿ. ಉಳುವವರಿಗೂ ಇದೇ ರಕ್ಷಣೆ, ನಾಳೆ ಯಾರೂ ಬೆರಳು ತೋರಿಸುವಂತಿಲ್ಲ.

ಊರಲ್ಲಿ ಮಾಲೀಕರ ಅಪ್ಪನೋ, ತಮ್ಮನೋ ಇದ್ದು ರಾಶಿಗೆ ಬಂದು ನಿಲ್ಲುತ್ತಾರೆ ಅಂದರೆ ಪಾಲು ನಡೆಯುತ್ತದೆ. ಯಾರೂ ಇಲ್ಲ ಅಂದರೆ ಅನುಮಾನವೇ ಎರಡು ಮೂರು ವರ್ಷದಲ್ಲಿ ಸಂಬಂಧ ಮುರಿಯುತ್ತದೆ. ಅಲ್ಲಿ ಲಾವಣಿಯೇ ವಾಸಿ. ಆದರೆ ಅದಕ್ಕೆ ಬರದ ಮಾತೊಂದು ಸೇರಿಸಬೇಕು.

ಬರದ ಮಾತು ಸೇರಿಸಿದ ಲಾವಣಿ

ಮಾಮೂಲಿ ವರ್ಷ ಎಕರೆಗೆ 10,000 ಬದಲು 12,000 ಇಡಿ. ಸರ್ಕಾರ ನಿಮ್ಮ ತಾಲ್ಲೂಕನ್ನು ಬರಪೀಡಿತ ಅಂತ ಘೋಷಿಸಿದ ವರ್ಷ ಅರ್ಧ, ಅಂದರೆ 6,000. ಮೇಲಿನ ಮೂರು ವರ್ಷಕ್ಕೆ ಮಾಲೀಕರಿಗೆ 48,000, 48,000, 24,000. ಒಟ್ಟು ಅದೇ 1,20,000. ಉಳುವವರ ಬರದ ವರ್ಷದ ನಷ್ಟ ಮಾತ್ರ 56,000ದಿಂದ 40,000ಕ್ಕೆ ಇಳಿಯುತ್ತದೆ. ಬೆಳೆ ಎಷ್ಟು ಬಂತು ಅಂತ ಮಾಲೀಕರು ನೋಡಬೇಕಾಗಿಲ್ಲ. ಘೋಷಣೆ ಇಬ್ಬರಿಗೂ ಕಾಣುತ್ತದೆ, ವಾದಕ್ಕೆ ಜಾಗವಿಲ್ಲ.

ಇದಕ್ಕೊಂದು ಮಿತಿ ಇದೆ. ಘೋಷಣೆ ಇಡೀ ತಾಲ್ಲೂಕಿಗೆ ಆಗುತ್ತದೆ, ನಿಮ್ಮ ಹೊಲಕ್ಕಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು, ಅಂಥ ವರ್ಷ ತೊಂದರೆಯಿಲ್ಲ. ಆದರೆ ಸೈನಿಕ ಹುಳು ತಿಂದರೆ ಅಥವಾ ನಿಮ್ಮ ಊರಿಗೆ ಮಾತ್ರ ಮಳೆ ತಪ್ಪಿದರೆ ಈ ಮಾತು ಸಹಾಯಕ್ಕೆ ಬರುವುದಿಲ್ಲ.

ಪರಿಹಾರದ ಹಣ ಯಾರಿಗೆ?

ಬೆಳೆ ನಷ್ಟದ ಪರಿಹಾರ ಪಹಣಿಯಲ್ಲಿ ಹೆಸರಿದ್ದು ಫ್ರೂಟ್ಸ್ ಐಡಿ ಇರುವವರ ಬ್ಯಾಂಕ್ ಖಾತೆಗೆ ಬರುತ್ತದೆ. ಅಂದರೆ ನಷ್ಟ ಉಳುವವರಿಗೆ, ಹಣ ಬೆಂಗಳೂರಿಗೆ. ಪಿಎಂ ಕಿಸಾನ್‌ನ ವರ್ಷದ 6,000 ಜಮೀನಿನ ಮಾಲೀಕರಿಗಾಗಿ ಇರುವ ಹಣ, ಅದರ ಮಾತು ಬೇರೆ. ಆದರೆ ಬೆಳೆ ಪರಿಹಾರ ಮತ್ತು ಬೆಳೆ ವಿಮೆಯ ಹಣಕ್ಕೆ ಒಂದು ಸರಳ ನಿಯಮ ಇಟ್ಟುಕೊಳ್ಳಿ: ಬೀಜ, ಗೊಬ್ಬರಕ್ಕೆ ಹಣ ಹಾಕಿದವರಿಗೆ, ಹಾಕಿದ ಪ್ರಮಾಣದಲ್ಲಿ. ಲಾವಣಿಯಲ್ಲಿ ಪೂರ್ತಿ ಉಳುವವರಿಗೆ, ಪಾಲಿನಲ್ಲಿ ಅರ್ಧ ಅರ್ಧ. ವಿಮೆಯ ಕಂತೂ ಹಾಗೆಯೇ. ಮಾಲೀಕರ ಹೆಸರಲ್ಲಿ ವಿಮೆ ಮಾಡಿಸಲು ಅವರ ದಾಖಲೆ ಬೇಕಾಗುತ್ತದೆ, ಬಿತ್ತನೆಗೆ ಮುಂಚೆಯೇ ಕೇಳಿ. ಬೆಳೆ ಸಮೀಕ್ಷೆಯಲ್ಲಿ ನಿಜವಾಗಿ ಬಿತ್ತಿದ ಬೆಳೆಯೇ ದಾಖಲಾಗಿದೆಯಾ ಅಂತಲೂ ನೋಡಿಕೊಳ್ಳಿ. ಅಲ್ಲಿ ತಪ್ಪಿದರೆ ಪರಿಹಾರಕ್ಕೂ ವಿಮೆಗೂ ತೊಡಕು.

ಕಾನೂನು ಏನು ಹೇಳುತ್ತದೆ?

ಇದನ್ನು ಮುಚ್ಚಿಡುವಂತಿಲ್ಲ. ಕರ್ನಾಟಕ ಭೂ ಸುಧಾರಣಾ ಕಾಯ್ದೆ, 1961ರ 5ನೇ ಕಲಂ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ನಿಷೇಧಿಸುತ್ತದೆ. ಸೈನಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಆದ್ದರಿಂದ ನೂರು ರೂಪಾಯಿ ಛಾಪಾ ಕಾಗದದಲ್ಲಿ ಬರೆಸಿಕೊಂಡರೂ ಅದನ್ನು ನಂಬಿ ಕೋರ್ಟಿಗೆ ಹೋಗುವುದು ಕಷ್ಟ. ಇದು ನಡೆಯುವುದು ನಂಬಿಕೆಯ ಮೇಲೆ. ಹೊಲ ಕೊಡುವ, ಹಿಡಿಯುವ ಮುಂಚೆ ತಾಲ್ಲೂಕಿನ ವಕೀಲರೊಬ್ಬರನ್ನು ಕೇಳಿ.

ಮಾಲೀಕರಿಗೆ ಇನ್ನೊಂದು ಹಳೇ ಭಯವಿದೆ: "ಒಬ್ಬನೇ ಮೂರು ವರ್ಷ ಉಳುಮೆ ಮಾಡಿದರೆ ಹೊಲ ಅವನದಾಗುತ್ತೆ." ಹಿಂದೆ ಫಾರಂ 7 ಹಾಕಿ ಹೊಲ ಪಡೆದದ್ದು 1974ರ ಮಾರ್ಚ್ 1ಕ್ಕೆ ಮುಂಚಿನ ಗೇಣಿದಾರರು. ಇವತ್ತು ಉಳುವವರಿಗೆ ಆ ದಾರಿ ಇಲ್ಲ. ಆದರೂ ಆ ಭಯದಿಂದ ವರ್ಷ ವರ್ಷ ಆಳು ಬದಲಿಸುವವರಿದ್ದಾರೆ. ಇದರ ಪೆಟ್ಟು ಬೀಳುವುದು ಮಣ್ಣಿಗೆ. ಕೊಟ್ಟಿಗೆ ಗೊಬ್ಬರ ಹಾಕಿದರೆ ಅದರ ಫಲ ಎರಡು ಮೂರು ವರ್ಷ ಬರುತ್ತದೆ. ಮುಂದಿನ ವರ್ಷ ಹೊಲ ಇರುತ್ತೋ ಇಲ್ಲವೋ ಗೊತ್ತಿಲ್ಲದವರು ಯೂರಿಯಾ ಮಾತ್ರ ಹಾಕುತ್ತಾರೆ, ಒಡೆದ ಬದು ಕಟ್ಟುವುದಿಲ್ಲ. ಲಾವಣಿಗೆ ಕೊಟ್ಟ ಹೊಲ ಬರಬರುತ್ತಾ ಗಟ್ಟಿಯಾಗುತ್ತಿದೆ, ಬದು ಕೊಚ್ಚಿಹೋಗಿದೆ ಅಂದರೆ ಕಾರಣ ಇದೇ. ಮೂರು ವರ್ಷದ ಮಾತು ಕೊಟ್ಟು, ಮೊದಲ ವರ್ಷದ ಗೊಬ್ಬರದ ಹಣವನ್ನು ಮಾಲೀಕರೇ ಹಾಕಿದರೆ ಆ ಹಣ ಅವರ ಹೊಲದಲ್ಲೇ ಉಳಿಯುತ್ತದೆ.

ಈ ಸಲ ಯುಗಾದಿಗೆ ಅಣ್ಣ ಊರಿಗೆ ಬಂದಾಗ ಕಟ್ಟೆ ಮೇಲೆ ಕೂತು ಐದು ಮಾತು ಮುಗಿಸಿ: ಹಣ ಎಷ್ಟು ಮತ್ತು ಯಾವಾಗ, ಬರ ಬಂದರೆ ಎಷ್ಟು, ಯಾವ ತೂಕ ಲೆಕ್ಕ, ಪರಿಹಾರ ಯಾರಿಗೆ, ಎಷ್ಟು ವರ್ಷ. ಮಾತಾಡಿದ್ದನ್ನು ಇಬ್ಬರೂ ವಾಟ್ಸಾಪ್‌ನಲ್ಲಿ ಕಳಿಸಿಕೊಳ್ಳಿ. ಅದು ಕೋರ್ಟಿಗೆ ಅಂತ ಅಲ್ಲ, ಡಿಸೆಂಬರ್‌ನಲ್ಲಿ "ನಾನು ಹಾಗೆ ಹೇಳಿರಲಿಲ್ಲ" ಅನ್ನುವ ಮಾತು ಬರದಿರಲಿ ಅಂತ.