ಬಲೂನ್ ಉಬ್ಬಿದರೆ ರ‍್ಯಾಮ್ ಹೆಚ್ಚುವುದಿಲ್ಲ

ತಪ್ಪು ಕಲ್ಪನೆ: ಬಲೂನಿಂಗ್ ಇದ್ದರೆ ಹೋಸ್ಟ್‌ನಲ್ಲಿ ಇಲ್ಲದ ಮೆಮೊರಿಯೂ ಸಿಗುತ್ತದೆ.

ವಾಸ್ತವ: ಬಲೂನ್ ಎಂಬುದು ಗೆಸ್ಟ್ ಒಳಗೆ ಕೂತಿರುವ ಒಂದು ಸಣ್ಣ ಡ್ರೈವರ್. ಕೆವಿಎಂನಲ್ಲಿ ಅದರ ಹೆಸರು virtio-balloon, ವಿಎಂವೇರ್‌ನಲ್ಲಿ vmmemctl. ಹೋಸ್ಟ್ ಕೇಳಿದಾಗ ಅದು ಗೆಸ್ಟ್ ಕರ್ನಲ್‌ನಿಂದ ಮೆಮೊರಿ ಪಡೆದು, ಯಾರೂ ಮುಟ್ಟದಂತೆ ಹಿಡಿದಿಟ್ಟುಕೊಂಡು, ಆ ಪುಟಗಳನ್ನು ಹೋಸ್ಟ್‌ಗೆ ಬಿಟ್ಟುಕೊಡುತ್ತದೆ. ಅಂದರೆ ಒಂದು ವಿಎಂಗೆ ಸಿಕ್ಕಿದ್ದು ಇನ್ನೊಂದರಿಂದ ಕಿತ್ತಿದ್ದೇ.

ಏನನ್ನು ಬಿಡಬೇಕೆಂದು ಗೆಸ್ಟ್ ತಾನೇ ಆರಿಸುತ್ತದೆ: ಮೊದಲು ಖಾಲಿ ಪುಟಗಳು, ಆಮೇಲೆ ಪೇಜ್ ಕ್ಯಾಶ್, ಅದೂ ಸಾಲದಿದ್ದರೆ ಸ್ವಾಪ್. ಮೊದಲೆರಡರಲ್ಲಿ ನಷ್ಟ ಕಡಿಮೆ. ಮೂರನೆಯದಕ್ಕೆ ಬಂದರೆ ಕಥೆ ಬೇರೆ. ಜಾವಾದ ಪೂರ್ಣ ಗಾರ್ಬೇಜ್ ಕಲೆಕ್ಷನ್ ಹೀಪ್‌ನ ಉದ್ದಗಲಕ್ಕೂ ಓಡಾಡುವುದರಿಂದ, ಹೀಪ್‌ನ ಸ್ವಲ್ಪ ಭಾಗ ಸ್ವಾಪ್‌ಗೆ ಹೋಗಿದ್ದರೂ ಅಪ್ಲಿಕೇಶನ್ ಸೆಕೆಂಡುಗಟ್ಟಲೆ ನಿಂತುಬಿಡುತ್ತದೆ.

ತಪ್ಪು ಕಲ್ಪನೆ: ನಿಧಾನಕ್ಕೆ ಬಲೂನೇ ಕಾರಣ, ಡ್ರೈವರ್ ತೆಗೆದರೆ ಸರಿಹೋಗುತ್ತದೆ.

ವಾಸ್ತವ: ಮೆಮೊರಿ ಕೊರತೆ ಹಾಗೇ ಉಳಿಯುತ್ತದೆ. ಬಲೂನ್ ಇಲ್ಲದಿದ್ದರೆ ಹೋಸ್ಟ್ ನೇರವಾಗಿ ವಿಎಂನ ಪುಟಗಳನ್ನು ಸ್ವಾಪ್ ಮಾಡುತ್ತದೆ. ಯಾವುದು ಕ್ಯಾಶ್, ಯಾವುದು ಡೇಟಾಬೇಸ್‌ನ ಬಫರ್ ಎಂಬುದು ಹೊರಗಿನಿಂದ ಅದಕ್ಕೆ ಕಾಣುವುದಿಲ್ಲ.

ತಪ್ಪು ಕಲ್ಪನೆ: ಒಟ್ಟು ಓವರ್‌ಕಮಿಟ್ ಅನುಪಾತ 1.3 ಮಾತ್ರ, ಹಾಗಾಗಿ ಚಿಂತೆಯಿಲ್ಲ.

ವಾಸ್ತವ: ಸರಾಸರಿಯಲ್ಲಿ ಅಪಾಯ ಮುಚ್ಚಿಹೋಗುತ್ತದೆ. 256 ಜಿಬಿಯ ಒಂದು ಕೆವಿಎಂ ಹೋಸ್ಟ್ ಇದೆ ಎಂದುಕೊಳ್ಳಿ. ಹೋಸ್ಟ್‌ನ ಸ್ವಂತ ಬಳಕೆಗೆ 10 ಜಿಬಿ ತೆಗೆದರೆ ಉಳಿಯುವುದು 246. ಅದರ ಮೇಲೆ 64 ಜಿಬಿಯ ಒಂದು ಡೇಟಾಬೇಸ್, 32 ಜಿಬಿಯ ಎರಡು ಜಾವಾ ಸರ್ವರ್, 16 ಜಿಬಿಯ ಹನ್ನೆರಡು ಡೆವಲಪ್‌ಮೆಂಟ್ ವಿಎಂಗಳು. ಒಟ್ಟು 320 ಜಿಬಿ, ಅನುಪಾತ 1.3.

ಆದರೆ ಡೇಟಾಬೇಸ್ ಮತ್ತು ಜಾವಾದ 128 ಜಿಬಿಯಲ್ಲಿ ಒಂದನ್ನೂ ಬಿಡಿಸಿಕೊಳ್ಳುವಂತಿಲ್ಲ. ಉಳಿದ 118 ಜಿಬಿಯಲ್ಲಿ 192 ಜಿಬಿಯಷ್ಟು ಡೆವಲಪ್‌ಮೆಂಟ್ ವಿಎಂಗಳು ಬದುಕಬೇಕು. ಅಲ್ಲಿನ ನಿಜವಾದ ಅನುಪಾತ 1.6 ದಾಟಿದೆ. ಒಂದೊಂದೂ 8 ಜಿಬಿ ಬಳಸುತ್ತಿದ್ದರೆ 96 ಸಾಕು, 22 ಜಿಬಿ ಮಿಗುತ್ತದೆ. ಎರಡು ವಿಎಂಗಳಲ್ಲಿ ಬಿಲ್ಡ್ ಶುರುವಾಗಿ ತಲಾ 16 ಜಿಬಿಗೆ ಏರಿದರೂ ನಡೆದೀತು. ಮೂರನೆಯದೂ ಸೇರಿದರೆ ಜಾಗ ಮುಗಿಯಿತು.

ಆಗ ಪೆಟ್ಟು ಬೀಳುವುದು ತಪ್ಪಿತಸ್ಥನಿಗಲ್ಲ. ಹೋಸ್ಟ್‌ನಲ್ಲಿ ಸ್ವಾಪ್ ಇಲ್ಲದಿದ್ದರೆ ಲಿನಕ್ಸ್‌ನ ಓಓಎಂ ಕಿಲ್ಲರ್ ಸಾಮಾನ್ಯವಾಗಿ ಅತಿ ಹೆಚ್ಚು ಮೆಮೊರಿ ಹಿಡಿದ ಪ್ರಕ್ರಿಯೆಯನ್ನೇ ಕೊಲ್ಲುತ್ತದೆ, ಇಲ್ಲಿ ಅದು ಡೇಟಾಬೇಸ್ ವಿಎಂ. ಅದನ್ನು ಹ್ಯೂಜ್‌ಪೇಜ್‌ಗಳ ಮೇಲೆ ಇಡುವುದು ಇದೇ ಕಾರಣಕ್ಕೆ: ಆ ಮೆಮೊರಿ ಮೊದಲೇ ಕಾದಿರಿಸಲ್ಪಟ್ಟಿರುತ್ತದೆ, ಸ್ವಾಪ್ ಆಗುವುದಿಲ್ಲ.

ಇನ್ನೊಂದು ಮಾತು. ಬರೀ ಲಿಬ್‌ವರ್ಟ್‌ನಲ್ಲಿ ಬಲೂನ್ ತಾನಾಗಿ ಉಬ್ಬುವುದಿಲ್ಲ, ಯಾರಾದರೂ ಹೇಳಬೇಕು. ಪ್ರಾಕ್ಸ್‌ಮಾಕ್ಸ್ ಮಾತ್ರ, ವಿಎಂಗೆ ಕನಿಷ್ಠ ಮೆಮೊರಿ ನಿಗದಿ ಮಾಡಿದ್ದರೆ, ಹೋಸ್ಟ್ ಬಳಕೆ 80% ಹತ್ತಿರ ಬಂದಾಗ ತಾನೇ ಹಿಂಪಡೆಯುತ್ತದೆ. ಅದಕ್ಕೂ ಸಮಯ ಬೇಕು. ಬಿಲ್ಡ್‌ನ ಹಠಾತ್ ಬೇಡಿಕೆ ಅದಕ್ಕಿಂತ ವೇಗವಾಗಿ ಬರುತ್ತದೆ. ಗೆಸ್ಟ್ ನರಳುತ್ತಿದೆಯೇ ಎಂದು ಹೀಗೆ ನೋಡಬಹುದು:

```
virsh dommemstat dev03 --period 5
virsh dommemstat dev03
```

ಎರಡನೆಯದನ್ನು ಕೆಲವು ನಿಮಿಷ ಬಿಟ್ಟು ಮತ್ತೆ ಓಡಿಸಿ. `swap_in` ಏರುತ್ತಲೇ ಇದ್ದರೆ ಬಲೂನ್ ಅತಿಯಾಯಿತು. `usable` ಧಾರಾಳವಾಗಿದ್ದರೆ ಇನ್ನೂ ಹಿಂಡಬಹುದು.

ತಪ್ಪು ಕಲ್ಪನೆ: ವಿಎಂ ಒಳಗೆ ಸಿಪಿಯು 40% ತೋರಿಸುತ್ತಿದೆ, ಹಾಗಾಗಿ ಕೋರ್‌ಗಳಿಗೆ ಕೊರತೆಯಿಲ್ಲ.

ವಾಸ್ತವ: ಸರದಿಯಲ್ಲಿ ಕಾದ ಸಮಯ ಆ 40%ರಲ್ಲಿ ಇಲ್ಲ. ಕೆವಿಎಂ ಗೆಸ್ಟ್‌ನಲ್ಲಿ ಅದಕ್ಕೆ `vmstat 1` ಕೊಟ್ಟು `st` ಕಾಲಂ ನೋಡಬೇಕು, ವಿಎಂವೇರ್‌ನಲ್ಲಿ ಸಿಪಿಯು ರೆಡಿ. ವಿಎಂವೇರ್‌ನ ಲೈವ್ ಚಾರ್ಟ್ 20 ಸೆಕೆಂಡಿನ ಮೊತ್ತ ಕೊಡುತ್ತದೆ. 4 ವಿಸಿಪಿಯು ಇರುವ ವಿಎಂಗೆ 4000 ಮಿಲಿಸೆಕೆಂಡ್ ಬಂದರೆ ಒಟ್ಟು 20%, ಒಂದೊಂದು ವಿಸಿಪಿಯುಗೆ 5%. ನಾನು ಎಚ್ಚರವಾಗುವುದು ಅಲ್ಲಿಂದಲೇ. 10% ಆದರೆ ಬಳಕೆದಾರರೇ ದೂರುತ್ತಾರೆ. ಆಗ ಅಷ್ಟು ಬೇಕಿಲ್ಲದ ವಿಎಂಗಳಲ್ಲಿ ವಿಸಿಪಿಯು ಕಡಿಮೆ ಮಾಡುವುದು ಮೊದಲ ಮದ್ದು, ಹೆಚ್ಚಿಸುವುದಲ್ಲ.

ತಪ್ಪು ಕಲ್ಪನೆ: ಡೀಫಾಲ್ಟ್ ಅನುಪಾತ ತಜ್ಞರು ಪರೀಕ್ಷಿಸಿ ಇಟ್ಟದ್ದು.

ವಾಸ್ತವ: ಓಪನ್‌ಸ್ಟ್ಯಾಕ್ ನೋವಾದಲ್ಲಿ ಬಹುಕಾಲ ಸಿಪಿಯುಗೆ 16, ರ‍್ಯಾಮ್‌ಗೆ 1.5 ಇತ್ತು, ಆಮೇಲೆ ಅದನ್ನು 4 ಮತ್ತು 1.0ಕ್ಕೆ ಇಳಿಸಿದರು. ನನ್ನ ಲೆಕ್ಕ ಹೀಗಿದೆ. ಧ್ವನಿ ಕರೆಯಂಥ ಕೆಲಸಕ್ಕೆ ಸಿಪಿಯು 1:1, ಕೋರ್‌ಗೆ ಕಟ್ಟಿಯೇ ಬಿಡಬೇಕು. ಡೇಟಾಬೇಸ್‌ಗೆ 1:1ರಿಂದ 2:1, ರ‍್ಯಾಮ್ ಓವರ್‌ಕಮಿಟ್ ಬೇಡವೇ ಬೇಡ. ಸಾಮಾನ್ಯ ವೆಬ್ ಸರ್ವರ್‌ಗಳಿಗೆ 3:1ರಿಂದ 4:1, ರ‍್ಯಾಮ್ 1.1 ದಾಟದಿರಲಿ. ಡೆವಲಪ್‌ಮೆಂಟ್ ವಿಎಂಗಳಿಗೆ 6:1 ಮತ್ತು 1.5ರವರೆಗೆ; ಮೇಲಿನ ಹೋಸ್ಟ್‌ನಲ್ಲಾದರೆ ಹನ್ನೆರಡರಲ್ಲಿ ಒಂದನ್ನು ಬೇರೆಡೆಗೆ ಸಾಗಿಸಿದರೆ ಆ ಮಿತಿಗೆ ಬರುತ್ತದೆ. ಈ ಅನುಪಾತಗಳನ್ನು ಭೌತಿಕ ಕೋರ್‌ಗಳ ಮೇಲೆ ಹಾಕಬೇಕು, ಹೈಪರ್‌ಥ್ರೆಡ್‌ಗಳ ಮೇಲಲ್ಲ. 32 ಕೋರ್, 64 ಥ್ರೆಡ್ ಇರುವ ಯಂತ್ರದಲ್ಲಿ 4:1 ಅಂದರೆ 128 ವಿಸಿಪಿಯು, 256 ಅಲ್ಲ.