ಗಡ್ಡದ ಹೊಟ್ಟಿಗೆ ಎಣ್ಣೆ: ಉರಿಯುವ ಒಲೆಗೆ ಸೌದೆ!

ಕುಮಾರಸ್ವಾಮಿ ಲೇಔಟನ್ನು ಗಡ್ಡಗಳ ಬಡಾವಣೆ ಎಂದು ಕರೆದರೆ ಯಾರೂ ಜಗಳಕ್ಕೆ ಬರಲಾರರು. ಶಾವಿಗೆ ಮಲ್ಲೇಶ್ವರ ಗುಡ್ಡದ ಮೇಲೆ ದಯಾನಂದ ಸಾಗರ್ ಕಾಲೇಜುಗಳಿವೆ. ಸುತ್ತಮುತ್ತಲ ರಸ್ತೆಗಳಲ್ಲಿ ಸಾಲು ಸಾಲು ಪಿ.ಜಿ.ಗಳು. ಆ ಪಿ.ಜಿ.ಗಳ ತುಂಬ ಗಡ್ಡ ಬಿಟ್ಟ ಹುಡುಗರು. 2018ರ ಡಿಸೆಂಬರಿನಲ್ಲಿ 'ಕೆ.ಜಿ.ಎಫ್.' ಚಿತ್ರ ತೆರೆ ಕಂಡು, ಯಶ್ ಅವರ ಗಡ್ಡ ಊರಿಗೆಲ್ಲ ಮಾದರಿಯಾದ ಮೇಲಂತೂ ನುಣ್ಣಗೆ ಬೋಳಿಸಿದ ಗಲ್ಲ ಕಾಣಸಿಗುವುದೇ ಅಪರೂಪ.

ಗಡ್ಡವೇನೋ ಬಂತು. ಅದರ ಹಿಂದೆಯೇ ಕೆರೆತವೂ ಬಂತು!

ಭಾನುವಾರ ಬೆಳಿಗ್ಗೆ ಇಲ್ಲಿನ ಯಾವುದಾದರೂ ಸಲೂನಿನಲ್ಲಿ ಹತ್ತು ನಿಮಿಷ ಕೂತರೆ ಸಾಕು, ಈ ಕಥೆ ಕಿವಿಗೆ ಬೀಳುತ್ತದೆ. ಅಂಥ ಒಬ್ಬ ಹುಡುಗನನ್ನೇ ತೆಗೆದುಕೊಳ್ಳಿ. ಹಾಸನದ ಕಡೆಯವನು, ಇಂಜಿನಿಯರಿಂಗ್ ಮೂರನೇ ವರ್ಷ. ನಾಲ್ಕು ತಿಂಗಳಿಂದ ಗಡ್ಡ ಬಿಟ್ಟಿದ್ದಾನೆ. ಕಪ್ಪು ಟೀ ಶರ್ಟ್ ಹಾಕಿದರೆ ಎದೆಯ ಮೇಲೆ ರವೆ ಉದುರಿದ ಹಾಗೆ ಬಿಳಿ ಹೊಟ್ಟು. ತರಗತಿಯಲ್ಲಿ ಕೂತಲ್ಲೇ ಗಲ್ಲ ಕೆರೆತ.

'ಚರ್ಮ ಒಣಗಿದೆ ಕಣೋ, ಎಣ್ಣೆ ಹಚ್ಚು' ಎಂದರು ರೂಮಿನ ಗೆಳೆಯರು. ಹುಡುಗ ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆ ತಿಕ್ಕಿದ. ಮಾರನೆಯ ದಿನ ಹೊಟ್ಟು ಮಾಯ! ಸಂತೋಷವೋ ಸಂತೋಷ. ಆದರೆ ಮೂರನೆಯ ದಿನ ನವೆ ಇನ್ನೂ ಜೋರಾಯಿತು. ಇನ್ನಷ್ಟು ಎಣ್ಣೆ ಹಚ್ಚಿದ. ಎರಡು ವಾರ ಕಳೆಯುವ ಹೊತ್ತಿಗೆ ಗಡ್ಡದ ಬುಡವೆಲ್ಲ ಕೆಂಪು, ಮೀಸೆಯ ಕೆಳಗೂ ಹುರುಕು.

ಎಡವಟ್ಟು ಎಲ್ಲಿ?

ತಪ್ಪು ಇರುವುದು ಮೊದಲನೆಯ ಮಾತಿನಲ್ಲೇ. ಇದು ಚರ್ಮ ಒಣಗಿ ಬಂದ ಹೊಟ್ಟಲ್ಲ, ಚರ್ಮದಲ್ಲಿ ಜಿಡ್ಡು ಇರುವುದರಿಂದ ಬಂದ ಹೊಟ್ಟು. ತಲೆಹೊಟ್ಟಿನ ಒಡಹುಟ್ಟು ಎನ್ನಿ. ಡಾಕ್ಟರುಗಳು ಇದನ್ನು ಸೆಬೋರಿಕ್ ಡರ್ಮಟೈಟಿಸ್ ಎನ್ನುತ್ತಾರೆ.

ನಮ್ಮೆಲ್ಲರ ಚರ್ಮದ ಮೇಲೂ ಮಲಸೇಜಿಯಾ ಎಂಬ ಸೂಕ್ಷ್ಮ ಶಿಲೀಂಧ್ರ ವಾಸವಾಗಿದೆ. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟಿನ ದೂರದ ನೆಂಟ. 1874ರಲ್ಲಿ ಹೊಟ್ಟಿನ ಚಕ್ಕೆಗಳಲ್ಲಿ ಇದನ್ನು ಕಂಡು ವಿವರಿಸಿದ ಫ್ರಾನ್ಸಿನ ಮಲಸ್ಸೇ ಅವರ ಹೆಸರೇ ಇದಕ್ಕೆ ಬಂದಿದೆ. ಇದರ ಆಹಾರ ಕೊಬ್ಬು. ತನಗೆ ಬೇಕಾದ ಕೊಬ್ಬಿನ ಅಂಶವನ್ನು ಇದು ತಾನೇ ತಯಾರಿಸಿಕೊಳ್ಳಲಾರದು. ಚರ್ಮದ ಜಿಡ್ಡನ್ನು ಒಡೆದು ಅದರಿಂದ ಬದುಕುತ್ತದೆ. ಹಾಗೆ ಒಡೆದಾಗ ಉಳಿಯುವ ಆಮ್ಲಗಳು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಚರ್ಮ ಕೆಂಪಾಗುತ್ತದೆ, ನವೆಯಾಗುತ್ತದೆ, ಮೇಲ್ಪದರ ಅವಸರವಾಗಿ ಬೆಳೆದು ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಪ್ರಯೋಗಾಲಯದಲ್ಲಿ ಈ ಶಿಲೀಂಧ್ರವನ್ನು ಬೆಳೆಸಬೇಕಾದರೆ ತಟ್ಟೆಗೆ ಆಲಿವ್ ಎಣ್ಣೆ ಸುರಿಯುವ ಪದ್ಧತಿಯೇ ಇದೆ. ಹಾಗಿದ್ದ ಮೇಲೆ ಗಡ್ಡಕ್ಕೆ ರಾತ್ರಿಯೆಲ್ಲ ಎಣ್ಣೆ ಹಚ್ಚಿಕೊಂಡು ಮಲಗಿದರೆ ಏನಾದೀತು? ಅತಿಥಿಗೆ ಎಲೆ ಹಾಕಿ ಊಟ ಬಡಿಸಿದ ಹಾಗೇ!

ಮೊದಲ ದಿನ ಹೊಟ್ಟು ಮಾಯವಾಗಿತ್ತಲ್ಲ, ಅದೇಕೆ? ಅದು ಎಣ್ಣೆಯ ಕಣ್ಕಟ್ಟು. ಚಕ್ಕೆಗಳು ಎಣ್ಣೆಯಲ್ಲಿ ನೆನೆದು ಚರ್ಮಕ್ಕೆ ಅಂಟಿಕೊಂಡಿರುತ್ತವೆ, ಉದುರುವುದಿಲ್ಲ ಅಷ್ಟೇ. ಈ ಒಂದು ದಿನದ ಸಮಾಧಾನವೇ ಹುಡುಗರನ್ನು ಮೋಸ ಮಾಡುವುದು.

ಗಡ್ಡದ ಅಡಿಯಲ್ಲೇ ಇದು ಹೆಚ್ಚಾಗುವುದಕ್ಕೂ ಕಾರಣ ಉಂಟು. ಕೂದಲು ಜಿಡ್ಡನ್ನೂ ಉದುರಬೇಕಾದ ಚಕ್ಕೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮುಖ ತೊಳೆದರೂ ನೀರು ಮತ್ತು ಸೋಪು ಕೂದಲ ಮೇಲೆ ಜಾರಿ ಹೋಗುತ್ತವೆಯೇ ಹೊರತು ಚರ್ಮಕ್ಕೆ ಇಳಿಯುವುದಿಲ್ಲ. ಮೀಸೆ, ಗಡ್ಡ ಬಿಟ್ಟಾಗ ಬಂದದ್ದು ಬೋಳಿಸಿದ ಮೇಲೆ ತಾನೇ ಕಡಿಮೆಯಾಗುವುದನ್ನು ಚರ್ಮವೈದ್ಯರು ಎಂದಿನಿಂದಲೂ ಬಲ್ಲರು. ಚಳಿಗಾಲದಲ್ಲಿ, ನಿದ್ದೆಗೆಟ್ಟ ಪರೀಕ್ಷೆಯ ದಿನಗಳಲ್ಲಿ ಇದು ಕೆರಳುವುದೂ ಸಾಮಾನ್ಯ.

ಸಲೂನಿನ ಕನ್ನಡಿ ಹೇಳಿದ್ದು

ಹುಡುಗನ ಗಡ್ಡ ನೋಡಿದ ಹಿರಿಯ ಕ್ಷೌರಿಕ ಕತ್ತರಿ ಕೆಳಗಿಟ್ಟ.

'ಏನಪ್ಪಾ, ಹುಬ್ಬಲ್ಲೂ ಐತಲ್ಲ ಹೊಟ್ಟು?'

'ಹೌದಾ ಅಣ್ಣ? ನಾನು ನೋಡ್ಕೊಂಡೇ ಇಲ್ಲ.'

'ಮೂಗಿನ ಪಕ್ಕ ನೋಡು, ಕಿವಿ ಹಿಂದೆ ನೋಡು. ಎಲ್ಲಾ ಒಂದೇ ಕಾಯಿಲೆ. ಎಣ್ಣೆ ನಿಲ್ಸು, ಡಾಕ್ಟ್ರಿಗೆ ತೋರ್ಸು.'

ಕ್ಷೌರಿಕ ಹಿಡಿದದ್ದು ಸರಿಯಾದ ಗುರುತನ್ನೇ. ಹುಬ್ಬು, ಮೂಗಿನ ಎರಡು ಬದಿಯ ಸಂದು, ಕಿವಿಯ ಹಿಂಭಾಗ, ನೆತ್ತಿ: ಜಿಡ್ಡಿನ ಗ್ರಂಥಿಗಳು ಹೆಚ್ಚಿರುವ ಈ ಜಾಗಗಳಲ್ಲೂ ಹೊಟ್ಟು ಕಂಡರೆ ಇದು ಬಹುಮಟ್ಟಿಗೆ ಅದೇ. ಚಕ್ಕೆಯನ್ನು ಎರಡು ಬೆರಳ ನಡುವೆ ಉಜ್ಜಿದರೆ ಮೇಣದ ಹಾಗೆ ಜಿಡ್ಡಾಗಿ, ತುಸು ಹಳದಿಯಾಗಿ ಇರುತ್ತದೆ. ನಿಜವಾಗಿ ಒಣಗಿದ ಚರ್ಮದ ಹೊಟ್ಟು ಹಾಗಲ್ಲ. ಅದು ಸಣ್ಣ ಪುಡಿ, ಕೆಂಪು ಇರುವುದಿಲ್ಲ, ಕೈಕಾಲೂ ಒಣಗಿರುತ್ತವೆ. ಇನ್ನು ಹೊಸದಾಗಿ ಗಡ್ಡ ಬಿಟ್ಟವರಿಗೆ ಮೊದಲ ಎರಡು ಮೂರು ವಾರ ಮೊಳಕೆಯ ಕೂದಲು ಚುಚ್ಚಿ ನವೆಯಾಗುವುದುಂಟು. ಅದು ಕೂದಲು ಬೆಳೆದಂತೆ ತಾನೇ ಹೋಗುತ್ತದೆ.

ತಾಯಿಗೆ ಬಂದ ಭಯ

ಹಬ್ಬಕ್ಕೆ ಊರಿಗೆ ಹೋದಾಗ ಬೇರೆಯೇ ಗಲಾಟೆ. ಗಡ್ಡದ ಅಂಚಿನಲ್ಲಿ ಬೆಳ್ಳಗೆ ಮಚ್ಚೆ ಕಂಡ ತಾಯಿ ಗಾಬರಿಯಾದರು. 'ತೊನ್ನು ಏನಾದ್ರೂ ಆಯ್ತೇನೋ ಮಗಾ?'

ನಮ್ಮ ಕಂದು ಚರ್ಮದಲ್ಲಿ ಇದು ಆಗಾಗ ಆಗುವಂಥದ್ದೇ. ಉರಿಯೂತವಾದ ಜಾಗದಲ್ಲಿ ಬಣ್ಣ ತಾತ್ಕಾಲಿಕವಾಗಿ ಮಂಕಾಗುತ್ತದೆ. ತೊನ್ನಿನ ಮಚ್ಚೆ ಸುಣ್ಣ ಬಳಿದಂತೆ ಅಚ್ಚ ಬಿಳುಪು, ಅಂಚು ಸ್ಪಷ್ಟ, ಹೊಟ್ಟು ಇರುವುದಿಲ್ಲ, ಅಲ್ಲಿನ ಕೂದಲೂ ಬೆಳ್ಳಗಾಗಬಹುದು. ಇದಾದರೋ ಮಾಸಲು ಬಿಳುಪು, ಅಂಚು ಕಲಸಿದಂತೆ, ಮೇಲೆ ಹುಡಿ. ಹೊಟ್ಟು ಹತೋಟಿಗೆ ಬಂದ ಕೆಲವು ವಾರ, ತಿಂಗಳುಗಳಲ್ಲಿ ಬಣ್ಣ ಮರಳುತ್ತದೆ. ಇದೂ ಅಂಟುರೋಗವಲ್ಲ, ತೊನ್ನೂ ಅಂಟುರೋಗವಲ್ಲ ಎಂಬುದನ್ನು ಮನೆಮಂದಿ ತಿಳಿದಿರಬೇಕು.

ಐದು ನಿಮಿಷದ ಮದ್ದು

ಚರ್ಮದ ಡಾಕ್ಟರು ಹುಡುಗನಿಗೆ ಬರೆದುಕೊಟ್ಟದ್ದು ಶೇಕಡ 2ರ ಕೀಟೋಕೊನಜೋಲ್ ಶಾಂಪೂ. ತಲೆಹೊಟ್ಟಿಗೆ ಕೊಡುವುದೂ ಇದನ್ನೇ. ಆದರೆ ಇದನ್ನು ಹಚ್ಚುವ ರೀತಿಯಲ್ಲೇ ಅರ್ಧ ಗುಣ ಅಡಗಿದೆ.

ಮೊದಲು ಗಡ್ಡವನ್ನು ಸಲೂನಿನಲ್ಲಿ ಅರ್ಧ ಸೆಂಟಿಮೀಟರಿನಷ್ಟು ಉಳಿಯುವಂತೆ ಕತ್ತರಿಸಿಕೊಂಡ. ಬೋಳಿಸಿದರೆ ಇನ್ನೂ ಉತ್ತಮ, ಆದರೆ ಹುಡುಗನಿಗೆ ಮನಸ್ಸು ಬರಲಿಲ್ಲ! ಸ್ನಾನದ ಹೊತ್ತಿನಲ್ಲಿ ಗಡ್ಡ ಚೆನ್ನಾಗಿ ನೆನೆಸಿ, ಒಂದು ಟೀ ಚಮಚದಷ್ಟು ಶಾಂಪೂ ಅಂಗೈಯಲ್ಲಿ ನೊರೆ ಮಾಡಿ, ಬೆರಳ ತುದಿಯಿಂದ ಕೂದಲ ಬುಡಕ್ಕೆ, ಅಂದರೆ ಚರ್ಮಕ್ಕೆ, ಮೆಲ್ಲಗೆ ತಿಕ್ಕಿದ. ಉಗುರು ತಾಕಿಸಲಿಲ್ಲ. ಮೀಸೆ, ಮೂಗಿನ ಬದಿ, ಹುಬ್ಬಿಗೂ ಸವರಿದ. ಕಣ್ಣಿಗೆ ಹೋಗದ ಹಾಗೆ ಎಚ್ಚರ ವಹಿಸಿ ಐದು ನಿಮಿಷ ಹಾಗೇ ಬಿಟ್ಟ. ಹಚ್ಚಿದ ಕೂಡಲೇ ತೊಳೆದರೆ ಮದ್ದು ಕೆಲಸ ಮಾಡುವ ಮೊದಲೇ ಮೋರಿಗೆ ಹೋದಂತೆ. ಬಳಿಕ ತೊಳೆದು, ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿದ.

ಹೀಗೆ ವಾರಕ್ಕೆ ಎರಡು ಸಲ, ನಾಲ್ಕು ವಾರ. ಮೊದಲ ವಾರ ನವೆ ಇಳಿಯಿತು. ಎರಡನೆಯ ವಾರ ಕೆಂಪು ಕಡಿಮೆಯಾಯಿತು. ನಾಲ್ಕನೆಯ ವಾರಕ್ಕೆ ಕಪ್ಪು ಟೀ ಶರ್ಟ್ ಹಾಕಿ ಕಾಲೇಜಿಗೆ ಹೋದ. ಮಚ್ಚೆಗಳ ಬಣ್ಣ ಬರಲು ಇನ್ನಷ್ಟು ದಿನ ಹಿಡಿಯಿತು.

ಉಳಿದ ದಿನಗಳಲ್ಲಿ ಮೈಸೋಪಿನ ಬದಲು ಸೌಮ್ಯವಾದ ಫೇಸ್ ವಾಶ್ ಬಳಸಿದ. ಇದಕ್ಕೆ ನಮ್ಮ ಊರಿನದೇ ಕಾರಣವೊಂದಿದೆ. ಕಾವೇರಿ ನೀರು ಬಾರದ ದಿನ ಮನೆಗಳಿಗೆ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರೇ ಗತಿ. ಗಡಸು ನೀರಿನಲ್ಲಿ ಸೋಪು ನೊರೆ ಬರುವ ಬದಲು ಅಂಟಂಟಾದ ಕಸರಾಗುತ್ತದೆ. ಬಕೆಟ್ಟಿನ ಅಂಚಿನಲ್ಲಿ ಕೂರುವ ಆ ಬಿಳಿ ಕಸರೇ ಗಡ್ಡದ ಬುಡದಲ್ಲೂ ಕೂರುತ್ತದೆ. ಹೊಟ್ಟಿಗೆ ಅದು ಮೂಲವಲ್ಲ, ಆದರೆ ಹೊಟ್ಟಿನ ಜೊತೆ ಸೇರಿ ಕೆರೆತ ಹೆಚ್ಚಿಸುತ್ತದೆ. ಶಾಂಪೂ, ಫೇಸ್ ವಾಶ್‌ಗಳಿಗೆ ಸಾಮಾನ್ಯವಾಗಿ ಈ ತಾಪತ್ರಯ ಇಲ್ಲ.

ಕೂದಲು ಒರಟಾಯಿತು, ಎಣ್ಣೆ ಇಲ್ಲದೆ ಆಗದು ಎನ್ನುವವರು ಲಿಕ್ವಿಡ್ ಪ್ಯಾರಾಫಿನ್ ಎರಡು ಹನಿ ಕೂದಲ ತುದಿಗೆ ಸವರಿದರೆ ಸಾಕು. ಅದು ಖನಿಜ ತೈಲ. ಶಿಲೀಂಧ್ರಕ್ಕೆ ಅದು ಊಟವಲ್ಲ.

ನವೆಂಬರಿನಿಂದ ಸಂಕ್ರಾಂತಿಯವರೆಗೆ ಅಯ್ಯಪ್ಪ ಮಾಲೆ ಧರಿಸಿ ಗಡ್ಡ ಬಿಡುವವರಿಗೂ ಇದೇ ಮಾತು. ಚಳಿಯ ದಿನ, 41 ದಿನದ ಹೊಸ ಗಡ್ಡ, ಎರಡು ಹೊತ್ತು ಬರಿಯ ತಣ್ಣೀರು. ಗಡ್ಡವನ್ನು ಬುಡದವರೆಗೆ ತೊಳೆದುಕೊಂಡರೆ ನವೆ ಹತೋಟಿಯಲ್ಲಿರುತ್ತದೆ. ವ್ರತ ಮುಗಿದು ಬೋಳಿಸಿದಾಗ ಬಹಳ ಮಂದಿಗೆ ತಾನೇ ಇಳಿಯುತ್ತದೆ.

ಟ್ಯೂಬಿನ ಅಪಾಯ

ಎಲ್ಲಕ್ಕಿಂತ ಎಚ್ಚರ ಬೇಕಾದ್ದು ಇಲ್ಲಿ. ಅಂಗಡಿಯಲ್ಲಿ 'ನವೆಗೆ ಏನಾದ್ರೂ ಕೊಡಿ' ಎಂದು ಕೇಳಿದರೆ ಸ್ಟೀರಾಯ್ಡ್ ಬೆರೆಸಿದ ಟ್ಯೂಬು ಕೈಗೆ ಬರಬಹುದು. ಎರಡೇ ದಿನದಲ್ಲಿ ನವೆ ಮಾಯ, ನಿಲ್ಲಿಸಿದರೆ ದುಪ್ಪಟ್ಟು. ತಿಂಗಳುಗಟ್ಟಲೆ ಹಚ್ಚಿದರೆ ಮುಖದ ಚರ್ಮ ತೆಳ್ಳಗಾಗಿ, ಕೆಂಪು ನರಗಳು ಕಂಡು, ಮೊಡವೆ ಏಳುತ್ತದೆ. ಇಂಥ ಹಲವು ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಆದೇಶ ಮಾಡಿದೆ. ಡಾಕ್ಟರು ತೀರ ಕೆಂಪಾದಾಗ ಸೌಮ್ಯ ಸ್ಟೀರಾಯ್ಡನ್ನು ಕೆಲವೇ ದಿನ ಕೊಡುವುದುಂಟು; ಆ ಲೆಕ್ಕ ಅವರದು.

ಗಡ್ಡದ ನವೆಯೆಲ್ಲ ಹೊಟ್ಟೇ ಎಂದೂ ತಿಳಿಯಬಾರದು. ಒಂದೇ ಬದಿಯಲ್ಲಿ ಬಳೆಯಾಕಾರದ ಮಚ್ಚೆ, ಕೀವು, ಎಳೆದರೆ ನೋವಿಲ್ಲದೆ ಕಿತ್ತು ಬರುವ ಕೂದಲು, ಇವು ಹುಳುಕಡ್ಡಿಯ ಲಕ್ಷಣ. ಅದು ಅಂಟುತ್ತದೆ, ಟವೆಲು, ರೇಜರಿನಿಂದಲೂ ಹರಡಬಹುದು; ಅದಕ್ಕೆ ಶಾಂಪೂ ಸಾಲದು, ಮಾತ್ರೆ ನುಂಗಬೇಕು. ಅದರ ಮೇಲೆ ಸ್ಟೀರಾಯ್ಡ್ ಹಚ್ಚಿದರೆ ರೋಗ ಮುಖ ಮರೆಸಿಕೊಂಡು ಹಬ್ಬುತ್ತದೆ. ಗಡ್ಡಕ್ಕೆ ಕಪ್ಪು ಬಣ್ಣ ಹಚ್ಚಿದ ಒಂದೆರಡು ದಿನದಲ್ಲಿ ಊತ, ನೀರ್ಗುಳ್ಳೆ ಬಂದರೆ ಅದು ಬಣ್ಣದ ಅಲರ್ಜಿ. ಶಾಂಪೂ ಬಳಸಿ ನಾಲ್ಕು ವಾರವಾದರೂ ಇಳಿಯದಿದ್ದರೆ ಚರ್ಮದ ಡಾಕ್ಟರನ್ನು ಕಾಣಲೇಬೇಕು. ಕೆ.ಆರ್. ಮಾರುಕಟ್ಟೆ ಬಳಿಯ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸರ್ಕಾರಿ ಚರ್ಮರೋಗ ವಿಭಾಗವಿದೆ.

ಕೊನೆಯದಾಗಿ ಒಂದು ಮಾತು. ಈ ಹೊಟ್ಟು ಬೇರುಸಹಿತ ಹೋಗುವಂಥದ್ದಲ್ಲ. ಶಿಲೀಂಧ್ರ ಚರ್ಮದ ಖಾಯಂ ಬಾಡಿಗೆದಾರ. ಹುಡುಗ ಈಗಲೂ ಎರಡು ವಾರಕ್ಕೊಮ್ಮೆ ಆ ಐದು ನಿಮಿಷ ಕಾಯುತ್ತಾನೆ. ಪರೀಕ್ಷೆ ಎಂದು ಒಮ್ಮೆ ತಿಂಗಳಿಡೀ ಮರೆತ. ಮೂಗಿನ ಪಕ್ಕ ಹೊಟ್ಟು ಮತ್ತೆ ಹಾಜರ್!

'ಗಡ್ಡ ಬಿಟ್ಮೇಲೆ ಅದರ ಬಾಡ್ಗೆ ಕಟ್ಬೇಕಪ್ಪಾ' ಎಂದು ನಕ್ಕ ಕ್ಷೌರಿಕ, ಕತ್ತರಿ ಎತ್ತಿಕೊಂಡ.