ತಳ್ಳಿದ ಕಾರು, ಓಡಿದ ರಸ್ತೆ

ಪತ್ರಿಕೆಯ ಹಿಂಬದಿಯ ರಕ್ಷಾಪುಟದ ತುಂಬ ಒಂದು ಕಾರು. ಮೇಲೆ ಕವಿದ ಮೋಡ, ಅದರ ಅಂಚಿನಲ್ಲಿ ಕಿತ್ತಳೆ ಬಣ್ಣದ ಒಂದು ಗೆರೆ. ಕೆಳಗೆ ಈಗಷ್ಟೇ ಮಳೆ ನಿಂತಂತಿರುವ ಟಾರು ರಸ್ತೆ, ಅದರಲ್ಲಿ ಹೆಡ್‌ಲೈಟಿನ ಉದ್ದನೆಯ ಬಿಂಬ. ರಸ್ತೆ ಗೆರೆಗೆರೆಯಾಗಿ ಹಿಂದಕ್ಕೆ ಓಡುತ್ತಿದೆ, ಚಕ್ರ ಗಿರಗಿರನೆ ತಿರುಗುತ್ತಿದೆ, ಕಾರಿನ ಮೈ ಮಾತ್ರ ಕೂದಲೆಳೆಯಷ್ಟೂ ಅಲುಗಿಲ್ಲ. ಗಂಟೆಗೆ ನೂರು ಕಿಲೋಮೀಟರ್ ಇರಬೇಕು ಅಂದುಕೊಳ್ಳುತ್ತೇವೆ. ಆದರೆ ಇಂಥ ಎಷ್ಟೋ ಚಿತ್ರಗಳನ್ನು ತೆಗೆಯುವಾಗ ಎಂಜಿನ್ ಆಫ್ ಆಗಿರುತ್ತದೆ, ಗೇರು ನ್ಯೂಟ್ರಲ್‌ನಲ್ಲಿರುತ್ತದೆ, ಹಿಂದಿನಿಂದ ಮೂರು ನಾಲ್ಕು ಜನ ಕಾರನ್ನು ತಳ್ಳುತ್ತಿರುತ್ತಾರೆ.

ಇದರ ಗುಟ್ಟು ಒಂದು ಉದ್ದನೆಯ ಕೋಲಿನಲ್ಲಿದೆ. ಈ ಕಸುಬಿನವರು ಅದನ್ನು ರಿಗ್ ಎನ್ನುತ್ತಾರೆ. ಅಲ್ಯೂಮಿನಿಯಂ ಅಥವಾ ಕಾರ್ಬನ್ ಫೈಬರಿನ, ನಾಲ್ಕೈದು ಮೀಟರ್ ಉದ್ದದ ಕೊಳವೆ ಅದು. ಒಂದು ತುದಿಯನ್ನು ಗಾಳಿ ಎಳೆದು ಅಂಟಿಕೊಳ್ಳುವ ರಬ್ಬರ್ ಬಟ್ಟಲುಗಳಿಂದ ಕಾರಿನ ಮೈಗೆ ಕಚ್ಚಿಸುತ್ತಾರೆ, ಇನ್ನೊಂದು ತುದಿಗೆ ಕ್ಯಾಮೆರಾ ಕಟ್ಟುತ್ತಾರೆ. ಈಗ ಕಾರು ಎಲ್ಲಿಗೆ ಹೋದರೂ ಕ್ಯಾಮೆರಾ ಅದರ ಜೊತೆಗೇ ಹೋಗುತ್ತದೆ. ಕ್ಯಾಮೆರಾದ ಕಣ್ಣಿಗೆ ಕಾರು ನಿಂತೇ ಇದೆ, ಓಡುತ್ತಿರುವುದು ಲೋಕ.

ಒಂದು ಲೆಕ್ಕ ನೋಡಿ. ಶಟರನ್ನು 4 ಸೆಕೆಂಡ್ ತೆರೆದಿಟ್ಟು, ಸೆಕೆಂಡಿಗೆ ಒಂದು ಮೀಟರಿನಂತೆ ಕಾರು ತಳ್ಳಿದರೆ ಅದು ಸಾಗುವುದು 4 ಮೀಟರ್. ನಮ್ಮ ನಡಿಗೆಯ ವೇಗವೇ. ನೂರು ಕಿಲೋಮೀಟರ್ ವೇಗದ ಕಾರು ಅದೇ 4 ಮೀಟರನ್ನು ಸೆಕೆಂಡಿನ ಏಳನೇ ಒಂದು ಭಾಗದಲ್ಲಿ ದಾಟುತ್ತದೆ. ರಸ್ತೆ ಎಷ್ಟು ಉದ್ದಕ್ಕೆ ಕದಡಬೇಕು ಎಂಬುದನ್ನು ತೀರ್ಮಾನಿಸುವುದು ಶಟರ್ ತೆರೆದಿದ್ದಾಗ ಸಾಗಿದ ದೂರ, ವೇಗವಲ್ಲ. ಹಾಗಾಗಿ ಚಿತ್ರದಲ್ಲಿ ಎರಡಕ್ಕೂ ವ್ಯತ್ಯಾಸವೇ ಕಾಣದು. ಮತ್ತೆ ಎಂಜಿನ್ ಯಾಕೆ ಆಫ್? ಅದರ ನಡುಕ ಉದ್ದನೆಯ ಕೋಲಿನ ತುದಿಯಲ್ಲಿ ಹಲವು ಪಟ್ಟಾಗುತ್ತದೆ, ಕಾರಿನ ಮೈಯೇ ಮಸುಕಾಗುತ್ತದೆ. ರಸ್ತೆಯಲ್ಲಿ ಒಂದು ಸಣ್ಣ ಕಲ್ಲು ಚಕ್ರಕ್ಕೆ ಸಿಕ್ಕರೂ ಆ ಚಿತ್ರ ಕೆಟ್ಟಂತೆಯೇ. ತಳ್ಳುವ ಮೊದಲು ಪೊರಕೆ ಹಿಡಿದು ರಸ್ತೆ ಗುಡಿಸುವುದು ಸುಮ್ಮನೆ ಅಲ್ಲ.

ಚಕ್ರದ ತಕರಾರು ಬೇರೆ. ಟೈರಿನ ಸುತ್ತಳತೆ ಸುಮಾರು 2 ಮೀಟರ್, ಅಂದರೆ ನಾಲ್ಕು ಮೀಟರಿಗೆ ಎರಡು ಸುತ್ತು. ಅಷ್ಟರಲ್ಲಿ ಅಲಾಯ್ ಚಕ್ರದ ಕಡ್ಡಿಗಳೆಲ್ಲ ಕರಗಿ ಬೂದು ತಟ್ಟೆಯಂತಾಗುತ್ತವೆ. ದುಡ್ಡು ಕೊಡುವ ಕಂಪನಿಗೆ ತನ್ನ ಚಕ್ರದ ವಿನ್ಯಾಸ ಕಾಣಲೇಬೇಕು. ಆಗ ಕಡಿಮೆ ದೂರ ತಳ್ಳಿ ಇನ್ನೊಂದು ಚಿತ್ರ ತೆಗೆದು, ಅದರಿಂದ ಚಕ್ರವನ್ನಷ್ಟೇ ಎತ್ತಿ ಇಲ್ಲಿ ಕೂರಿಸುತ್ತಾರೆ.

ನಾಲ್ಕು ಸೆಕೆಂಡ್ ಶಟರ್ ತೆರೆದಿಡಬೇಕಾದರೆ ಮಧ್ಯಾಹ್ನದ ಬಿಸಿಲು ಆಗಿಬರದು, ಚಿತ್ರವೆಲ್ಲ ಬೆಳ್ಳಗಾಗುತ್ತದೆ. ಕಪ್ಪು ಗಾಜಿನ ಫಿಲ್ಟರ್ ಹಾಕಬಹುದು. ಆದರೆ ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷಕ್ಕೆ ಕಾಯುವುದಕ್ಕೆ ಇನ್ನೂ ಒಂದು ಕಾರಣವಿದೆ. ಕಾರಿನ ಬಣ್ಣದ ಮೇಲಿನ ಪಾರದರ್ಶಕ ಪದರ ಹೆಚ್ಚುಕಡಿಮೆ ಕನ್ನಡಿ ಇದ್ದಂತೆ. ನಾವು ಅಲ್ಲಿ ನೋಡುವುದು ಕಾರಿನ ಬಣ್ಣಕ್ಕಿಂತ ಹೆಚ್ಚಾಗಿ ಸುತ್ತಲಿನ ಬಿಂಬವನ್ನು. ನೆತ್ತಿಯ ಸೂರ್ಯ ಅದರಲ್ಲಿ ಕಣ್ಣು ಕುಕ್ಕುವ ಚುಕ್ಕಿಯಾಗುತ್ತಾನೆ. ಮುಸ್ಸಂಜೆಯಲ್ಲಾದರೆ ಇಡೀ ಆಕಾಶವೇ ದೊಡ್ಡದೊಂದು ಮೆದು ದೀಪ. ಅದರ ಬಿಂಬ ಬಾನೆಟ್ಟಿನ ಮೇಲಿಂದ ಬಾಗಿಲಿನ ಉಬ್ಬಿನವರೆಗೆ ಹರಿದು, ದಿಗಂತ ಬಂದಲ್ಲಿ ಒಂದು ಕಪ್ಪು ಗೆರೆಯಾಗಿ ನಿಲ್ಲುತ್ತದೆ. ಕಾರಿನ ಆಕಾರ ಓದಿಸುವುದು ಆ ಗೆರೆಯೇ.

ರಸ್ತೆಗೆ ನೀರು ಹೊಡೆಸುವುದೂ ಇದೇ ಲೆಕ್ಕಾಚಾರದಿಂದ. ಒಣಗಿದ ಟಾರು ಬೆಳಕನ್ನು ಎಲ್ಲ ಕಡೆಗೂ ಚೆಲ್ಲಿ ಬೂದಾಗಿ ಕಾಣುತ್ತದೆ. ನೀರು ಅದರ ತರಿಗಳನ್ನು ತುಂಬಿದರೆ ರಸ್ತೆ ಕಪ್ಪಾಗುತ್ತದೆ, ಓರೆಯಾಗಿ ನೋಡಿದಾಗ ಕನ್ನಡಿಯಾಗುತ್ತದೆ. ಅದಕ್ಕೇ ಕ್ಯಾಮೆರಾ ಮೊಣಕಾಲಿಗಿಂತ ಕೆಳಗೆ. ಟ್ಯಾಂಕರ್ ನೀರು ಬಿಸಿ ರಸ್ತೆಯ ಮೇಲೆ ಬೇಗ ಆರುತ್ತದೆ, ಅದೂ ತೇಪೆ ತೇಪೆಯಾಗಿ. ಎರಡು ಮೂರು ಸಲ ತಳ್ಳಿದ ಮೇಲೆ ಮತ್ತೆ ಹೊಡೆಸಬೇಕು, ಅಷ್ಟರಲ್ಲಿ ಬೆಳಕು ಇಳಿದಿರುತ್ತದೆ.

ಕೊನೆಗೆ ರಿಗ್ ಬಿಚ್ಚಿ, ಕ್ಯಾಮೆರಾವನ್ನು ಸರಿಯಾಗಿ ಅದೇ ಜಾಗದಲ್ಲಿ ಸ್ಟ್ಯಾಂಡಿನ ಮೇಲಿಟ್ಟು, ನಿಂತ ಕಾರಿನ ಚಿತ್ರಗಳನ್ನು ತೆಗೆಯುತ್ತಾರೆ. ಕೋಲು ಮರೆಮಾಡಿದ ಭಾಗವನ್ನೂ ಬಾನೆಟ್ಟಿನಲ್ಲಿ ಬಿದ್ದ ಅದರ ಬಿಂಬವನ್ನೂ ಕಂಪ್ಯೂಟರಿನಲ್ಲಿ ಮುಚ್ಚುವುದಕ್ಕೆ ಇವು ಬೇಕು. ಪೋಲರೈಸರ್ ಫಿಲ್ಟರಿನ ಕೆಲಸವೂ ಆಗಲೇ. ಮುಂಗಾಜಿನ ಹೊಳಪು ತೆಗೆಯಲು ಅದನ್ನು ತಿರುಗಿಸಿದರೆ ಒದ್ದೆ ರಸ್ತೆಯ ಬಿಂಬವೂ ಮಾಯವಾಗಿಬಿಡಬಹುದು. ಆದ್ದರಿಂದ ಗಾಜಿಗೆ ಒಂದು, ರಸ್ತೆಗೆ ಒಂದು ಎಂದು ಬೇರೆ ಬೇರೆ ತೆಗೆದು ಹೊಂದಿಸುತ್ತಾರೆ.

ಆಕಾಶ ಸಪ್ಪೆಯಾಗಿದ್ದರೆ ಅದನ್ನೂ ಬದಲಿಸುವುದುಂಟು. ನನಗೆ ಈ ಚಿತ್ರಗಳಲ್ಲಿ ತಪ್ಪು ಹುಡುಕುವ ಚಟ, ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ಹಿಂದೆ ಕಾರ್ಮೋಡ ದಟ್ಟೈಸಿರುತ್ತದೆ, ಬಾಗಿಲಿನ ಬಿಂಬದಲ್ಲಿ ಮೋಡದ ಸುಳಿವೇ ಇರುವುದಿಲ್ಲ. ಇನ್ನೊಂದು ಗುರುತು ಟೈರಿನ ಹಿಂದೆ. ನೂರರ ವೇಗದಲ್ಲಿ ಒದ್ದೆ ರಸ್ತೆಯ ಮೇಲೆ ಹೋಗುವ ಕಾರು ಹಿಂದೆ ಹೊಗೆಯಂತೆ ನೀರು ಚಿಮ್ಮಿಸಬೇಕು, ಬಾಗಿಲ ಕೆಳಗೆಲ್ಲ ಕೆಸರಾಗಬೇಕು. ಇಲ್ಲಿ ನೋಡಿದರೆ ರಸ್ತೆ ತೊಪ್ಪೆಯಾಗಿದೆ, ಕಾರಿನ ಮೇಲೆ ಒಂದು ಹನಿಯೂ ಇಲ್ಲ.